ಕಾಯಿಲೆಯ ಭಯ, ಮತ್ತೆ ಮತ್ತೆ ಕೇಳಿ ಪಡೆಯುವ ಸಮಾಧಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಯಿಲೆಯ ಭಯದಲ್ಲಿ ಸಿಕ್ಕಿಕೊಂಡವರು ಮತ್ತು ಅವರ ಮನೆಯವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಅವರದೇ ಮಾತಿನಲ್ಲಿವೆ. ಉತ್ತರಗಳಲ್ಲಿ ಆಗಾಗ ಬರುವ ಕತ್ತಿನ ಗಂಟಿನ ಯುವಕ ಒಬ್ಬನೇ ವ್ಯಕ್ತಿಯಲ್ಲ. ಯಾರ ಗುರುತೂ ಸಿಗಬಾರದು ಅಂತ ಇಬ್ಬರು ಮೂವರ ಅನುಭವವನ್ನು ಕೂಡಿಸಿ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

ನನಗಿರೋದು ಬರೀ ಭಯನೋ, ನಿಜವಾದ ಕಾಯಿಲೆನೋ? ಹೇಗೆ ಗೊತ್ತಾಗುತ್ತೆ?

ಎರಡೂ ಒಟ್ಟಿಗೆ ಇರಬಹುದು. ಸಕ್ಕರೆ ಕಾಯಿಲೆ ಇರುವವರಿಗೂ, ಹೃದಯಕ್ಕೆ ಚಿಕಿತ್ಸೆ ಆದವರಿಗೂ ಆರೋಗ್ಯದ ಆತಂಕ ಬರುತ್ತದೆ. ಹಾಗಾಗಿ ಇದೋ ಅದೋ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಬೇರೆ ಥರ ಕೇಳಿಕೊಳ್ಳಿ: ಇರುವ ತೊಂದರೆಗೆ ತಕ್ಕಷ್ಟೇ ಯೋಚನೆ ಆಗುತ್ತಿದೆಯಾ, ಇಲ್ಲ ಅದಕ್ಕಿಂತ ತುಂಬಾ ಜಾಸ್ತಿಯಾ?

ನಾನು ಮೂರು ವಿಷಯ ಗಮನಿಸುತ್ತೇನೆ. ಡಾಕ್ಟರ್ ನೋಡಿ, ಪರೀಕ್ಷೆ ಮಾಡಿ, ಏನೂ ಇಲ್ಲ ಅಂದ ಮೇಲೂ ಭಯ ವಾಪಸ್ ಬರುತ್ತಿದೆಯಾ? ಒಂದು ಕಾಯಿಲೆಯ ಭಯ ಇಳಿದರೆ ಇನ್ನೊಂದು ಅದರ ಜಾಗಕ್ಕೆ ಬಂದು ಕೂರುತ್ತಿದೆಯಾ? ದಿನದ ಎಷ್ಟು ಹೊತ್ತು ಚೆಕ್ ಮಾಡುವುದರಲ್ಲಿ, ಹುಡುಕುವುದರಲ್ಲಿ, ಕೇಳುವುದರಲ್ಲಿ ಹೋಗುತ್ತಿದೆ? ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ, ಇಂಥ ಸ್ಥಿತಿ ಕನಿಷ್ಠ 6 ತಿಂಗಳು ಇದ್ದರೆ ಅದನ್ನು ಒಂದು ಸಮಸ್ಯೆ ಎಂದು ಹೆಸರಿಸಬಹುದು. ನಡುವೆ ಭಯಪಡುವ ಕಾಯಿಲೆ ಬದಲಾಗುತ್ತಾ ಹೋದರೂ ಲೆಕ್ಕ ಅದೇ. ಆದರೆ ಸಹಾಯ ಕೇಳುವುದಕ್ಕೆ ಆರು ತಿಂಗಳು ಕಾಯಬೇಕಾಗಿಲ್ಲ.

ರಿಪೋರ್ಟ್ ಎಲ್ಲಾ ನಾರ್ಮಲ್ ಬಂದಿದೆ. ಹಾಗಾದ್ರೆ ಈ ನೋವೆಲ್ಲ ನನ್ನ ಕಲ್ಪನೆನಾ?

ಅಲ್ಲ. ನಿಮಗೆ ನಿಜವಾಗಿಯೂ ನೋಯುತ್ತಿದೆ. ಎದೆ ಹೊಡೆದುಕೊಳ್ಳುವುದು, ಕೈ ಜುಮ್ ಅನ್ನುವುದು, ಹೊಟ್ಟೆ ಹಿಂಡಿದಂತಾಗುವುದು, ಕಣ್ಣಿನ ರೆಪ್ಪೆ ಹಾರುವುದು, ಇವೆಲ್ಲ ದೇಹದಲ್ಲಿ ಆಗುತ್ತಿರುವ ಸಂಗತಿಗಳೇ. ಆರೋಗ್ಯವಾಗಿರುವ ದೇಹವೂ ದಿನವಿಡೀ ಇಂಥ ಸಣ್ಣ ಪುಟ್ಟ ಸದ್ದು ಮಾಡುತ್ತಲೇ ಇರುತ್ತದೆ. ಅದರಲ್ಲಿ ಬಹಳಷ್ಟು ನಮ್ಮ ಗಮನಕ್ಕೇ ಬರುವುದಿಲ್ಲ.

ಒಂದು ಪ್ರಯೋಗ ಮಾಡಿ ನೋಡಿ. ಮುಂದಿನ ಒಂದು ನಿಮಿಷ ಪೂರ್ತಿ ಗಮನವನ್ನು ಗಂಟಲ ಮೇಲಿಟ್ಟು ಐದಾರು ಸಲ ಉಗುಳು ನುಂಗಿ. ನಾಲ್ಕನೇ ಸಲಕ್ಕೆ ಬಾಯಿ ಒಣಗಿ ನುಂಗುವುದೇ ಕಷ್ಟವಾಗುತ್ತದೆ. ಏನೋ ಸಿಕ್ಕಿಕೊಂಡ ಹಾಗೆ ಅನಿಸಲೂಬಹುದು. ಒಂದು ನಿಮಿಷದ ಹಿಂದೆ ಆ ಗಂಟಲು ಇದೆ ಅನ್ನುವುದೇ ನೆನಪಿರಲಿಲ್ಲ, ಅಲ್ವಾ? ಅಲ್ಲಿ ಯಾವ ಕಾಯಿಲೆಯೂ ಹುಟ್ಟಲಿಲ್ಲ. ಅನುಭವ ಸುಳ್ಳೂ ಅಲ್ಲ. ಗಮನ ಹೋದ ಜಾಗದ ಸದ್ದು ಜೋರಾಯಿತು, ಅಷ್ಟೆ. ಇದರ ಜೊತೆಗೆ ಭಯವೂ ಸೇರಿದರೆ ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರು ಮೇಲ್ಮೇಲೆ ಆಗಿ ಕೈಬೆರಳು ಜುಮ್ ಅನ್ನುತ್ತವೆ. ಭಯದಿಂದ ಬಂದ ಈ ಲಕ್ಷಣಗಳನ್ನೇ ಮನಸ್ಸು ಕಾಯಿಲೆಯ ಹೊಸ ಸಾಕ್ಷಿ ಎಂದು ಎಣಿಸಿಬಿಡುತ್ತದೆ.

ಡಾಕ್ಟರ್ ಏನೂ ಇಲ್ಲ ಅಂದಾಗ ಎಷ್ಟೋ ಹಗುರ ಆಗುತ್ತೆ. ಸಂಜೆ ಹೊತ್ತಿಗೆ ಮತ್ತೆ ಶುರು. ಯಾಕೆ ಹೀಗೆ?

ಕತ್ತಿನ ಗಂಟಿನ ಯುವಕನ ಒಂದು ದಿನ ಹೇಳುತ್ತೇನೆ. ವಯಸ್ಸು 29. ನೆಗಡಿ ವಾಸಿಯಾದ ಮೇಲೆ ದವಡೆಯ ಕೆಳಗೆ ಒಂದು ಸಣ್ಣ ಗಂಟು ಕೈಗೆ ಸಿಕ್ಕಿತು. ಡಾಕ್ಟರ್ ಮುಟ್ಟಿ ನೋಡಿದರು. ಗಂಟು ಮೆತ್ತಗಿತ್ತು, ಬೆರಳಿನಡಿ ಜಾರುತ್ತಿತ್ತು, ಅವರೆಕಾಳಿಗಿಂತ ಚಿಕ್ಕದಿತ್ತು. "ಇದು ದುಗ್ಧಗ್ರಂಥಿ, ಸೋಂಕಿನ ಜೊತೆ ಹೋರಾಡೋ ಸಣ್ಣ ಗ್ರಂಥಿ. ನೆಗಡಿಗೆ ಊದಿದೆ. ನಾಲ್ಕು ವಾರದಲ್ಲಿ ಇಳಿಯದೇ ಇದ್ರೆ ಅಥವಾ ದೊಡ್ಡದಾದ್ರೆ ಬಾ" ಅಂದರು. ಅವನಿಗೆ ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು. ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದ. ಸಂಜೆ ಏಳಕ್ಕೆ ಒಂದು ಯೋಚನೆ ಬಂತು: "ಅವರು ಎಡಗಡೆ ಸರಿಯಾಗಿ ಮುಟ್ಟಿ ನೋಡಿದ್ರಾ?" ಹೆಂಡತಿಯನ್ನು ಕೇಳಿದ. ಅವಳು "ನೋಡಿದ್ರಲ್ಲ, ನಾನೇ ಜೊತೆಗಿದ್ದೆ" ಅಂದಳು. ಆ ಮಾತಿನ ಸಮಾಧಾನ ಅರ್ಧ ಗಂಟೆ ಇತ್ತು. ರಾತ್ರಿ 11:40ಕ್ಕೆ ಅವನು ಹಾಸಿಗೆಯಲ್ಲಿ ಫೋನ್ ಹಿಡಿದು ಕುಳಿತಿದ್ದ.

ಡಾಕ್ಟರ್ ಮಾತು ಸುಳ್ಳಾಗಿರಲಿಲ್ಲ. ಅವನು ಅದನ್ನು ಬಳಸಿಕೊಂಡ ರೀತಿಯಲ್ಲಿ ತೊಡಕಿತ್ತು. ಭಯ ಏರಿದ ಕ್ಷಣದಲ್ಲಿ ಕೇಳಿದ, ಭಯ ಇಳಿಯಿತು. ಹೀಗೆ ಆದಾಗಲೆಲ್ಲ ಮಿದುಳು ಎರಡು ಪಾಠ ಕಲಿಯುತ್ತದೆ. ಒಂದು, ಇದು ನಿಜವಾಗಿ ಅಪಾಯವೇ ಆಗಿತ್ತು, ಕೇಳಿದ್ದರಿಂದ ಬಚಾವಾದೆ. ಎರಡು, ಮುಂದಿನ ಸಲ ಇನ್ನೂ ಬೇಗ ಕೇಳಬೇಕು. ಕೇಳದೇ ಇದ್ದರೂ ಭಯ ತಾನಾಗಿ ಇಳಿಯುತ್ತಿತ್ತು ಎಂದು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. 1986ರಲ್ಲಿ ಪಾಲ್ ಸಾಲ್ಕೋವ್‌ಸ್ಕಿಸ್ ಮತ್ತು ಹಿಲರಿ ವಾರ್ವಿಕ್ ಎಂಬ ಬ್ರಿಟಿಷ್ ಸಂಶೋಧಕರು ಇದೇ ಮಾತು ಹೇಳಿದರು. ಪದೇ ಪದೇ ಕೇಳಿ ಪಡೆಯುವ ಸಮಾಧಾನ, ಗೀಳಿನ ಕಾಯಿಲೆಯಲ್ಲಿ ಮತ್ತೆ ಮತ್ತೆ ಕೈ ತೊಳೆದ ಹಾಗೆಯೇ ಕೆಲಸ ಮಾಡುತ್ತದೆ. ಆ ಹೊತ್ತಿಗೆ ಭಯ ಇಳಿಸುತ್ತದೆ, ದಿನ ಕಳೆದಂತೆ ಅದನ್ನೇ ಬೆಳೆಸುತ್ತದೆ.

ಹಾಗಾದ್ರೆ ಯಾರನ್ನೂ ಏನೂ ಕೇಳಲೇಬಾರದಾ?

ಕೇಳಬಹುದು. ವಿಷಯ ತಿಳಿಯಲು ಕೇಳುವುದು ಬೇರೆ, ಸಮಾಧಾನಕ್ಕಾಗಿ ಕೇಳುವುದು ಬೇರೆ. ಮೊದಲನೆಯದು ಉತ್ತರ ಸಿಕ್ಕ ಕೂಡಲೇ ಮುಗಿಯುತ್ತದೆ. "ಈ ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ?" ಎಂದು ಕೇಳಿದವರು ಹತ್ತು ನಿಮಿಷ ಬಿಟ್ಟು ಅದನ್ನೇ ಮತ್ತೆ ಕೇಳುವುದಿಲ್ಲ. ಎರಡನೆಯದರಲ್ಲಿ ಉತ್ತರ ನಿಮಗೆ ಮೊದಲೇ ಗೊತ್ತಿರುತ್ತದೆ. ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ಇನ್ನೊಂದು ಸಲ ಕೇಳಬೇಕು ಅನಿಸುತ್ತಿರುತ್ತದೆ, ಅಷ್ಟೆ. ಕೇಳುವ ಮುಂಚೆ ಒಂದು ಕ್ಷಣ ನಿಂತು "ಅವರು ಏನು ಹೇಳುತ್ತಾರೆ ಅಂತ ನನಗೆ ಈಗಾಗಲೇ ಗೊತ್ತಾ?" ಎಂದು ಕೇಳಿಕೊಳ್ಳಿ. ಗೊತ್ತು ಅನ್ನುವುದಾದರೆ ಅದು ಎರಡನೆಯ ಥರದ್ದು.

## ಹುಡುಕಾಟ, ಚೆಕಪ್

ನೆಟ್‌ನಲ್ಲಿ ನೋಡಿದ್ರೆ ವಿಷಯ ತಿಳಿದು ಧೈರ್ಯ ಬರಬೇಕಲ್ವಾ? ನನಗೆ ಮಾತ್ರ ಭಯ ಯಾಕೆ ಜಾಸ್ತಿ ಆಗುತ್ತೆ?

ನಿಮಗೆ ಮಾತ್ರ ಅಲ್ಲ. ಹುಡುಕಾಟ ಕೆಲಸ ಮಾಡುವ ರೀತಿ ಮತ್ತು ಭಯಗೊಂಡ ಮನಸ್ಸು ಓದುವ ರೀತಿ, ಇವೆರಡೂ ಸೇರಿದಾಗ ಹೀಗೇ ಆಗುತ್ತದೆ.

ಮೊದಲು ಹುಡುಕಾಟದ ಕಡೆಯಿಂದ ನೋಡೋಣ. ತಲೆನೋವಿಗೆ ಸಾಮಾನ್ಯ ಕಾರಣಗಳು ನಿದ್ದೆಗೆಡುವುದು, ಕುತ್ತಿಗೆಯ ಬಿಗಿತ, ರೂಢಿಯಾಗಿದ್ದ ಕಾಫಿ ತಪ್ಪುವುದು. ಮಿದುಳಿನ ಗೆಡ್ಡೆ ಅಪರೂಪದಲ್ಲಿ ಅಪರೂಪ. ಆದರೆ ಕುತ್ತಿಗೆ ಬಿಗಿತದ ಬಗ್ಗೆ ಬರೆಯಲು ಹೆಚ್ಚೇನಿದೆ? ಗೆಡ್ಡೆಯ ಬಗ್ಗೆ ಪುಟಗಟ್ಟಲೆ ಬರೆಯಬಹುದು, ಓದುವವರೂ ಜಾಸ್ತಿ. ಮೈಕ್ರೋಸಾಫ್ಟ್‌ನ ಸಂಶೋಧಕರಾದ ರಯನ್ ವೈಟ್ ಮತ್ತು ಎರಿಕ್ ಹೋರ್ವಿಟ್ಜ್ 2009ರಲ್ಲಿ ಇದನ್ನು ಅಳೆದು ನೋಡಿದರು. ತಲೆನೋವು ಎಂದು ಹುಡುಕಿದಾಗ ಬಂದ ಪುಟಗಳಲ್ಲಿ, ಕಾಫಿ ಬಿಟ್ಟಿದ್ದರಿಂದ ಬರುವ ತಲೆನೋವಿನಷ್ಟೇ ಮಿದುಳಿನ ಗೆಡ್ಡೆಯ ಪ್ರಸ್ತಾಪವೂ ಇತ್ತು. ನಿಜ ಜೀವನದಲ್ಲಿ ಇವೆರಡರ ನಡುವೆ ಅಜಗಜಾಂತರ. ಪರದೆಯ ಮೇಲೆ ಮಾತ್ರ ಎರಡೂ ಸಮಸಮ. ಸಾಮಾನ್ಯ ಲಕ್ಷಣ ಹುಡುಕಲು ಶುರು ಮಾಡಿದವರು ಹೆಜ್ಜೆ ಹೆಜ್ಜೆಗೆ ಭಾರಿ ಕಾಯಿಲೆಗಳ ಕಡೆಗೆ ಹೋಗುವುದನ್ನೂ ಅವರು ಗುರುತಿಸಿದರು.

ಇನ್ನು ಓದುವ ಮನಸ್ಸು. ನಮ್ಮ ಯುವಕ ಆ ರಾತ್ರಿ ಮೊದಲು ಹುಡುಕಿದ್ದು "ಕತ್ತಿನಲ್ಲಿ ಗಂಟು". ಆರು ಕಾರಣಗಳು ಬಂದವು. ಐದು ಸಾಮಾನ್ಯವಾದವು. ಆರನೆಯದು ದುಗ್ಧಗ್ರಂಥಿಯ ಕ್ಯಾನ್ಸರ್. ಅವನ ಮುಂದಿನ ಹುಡುಕಾಟ ಆರನೆಯದರ ಬಗ್ಗೆ ಮಾತ್ರ. ಅದರ ಲಕ್ಷಣಗಳಲ್ಲಿ "ಸುಸ್ತು" ಅಂತ ಇತ್ತು. ರಾತ್ರಿ ಹನ್ನೆರಡಾದ ಮೇಲೆ ಯಾರಿಗೆ ಸುಸ್ತಿರುವುದಿಲ್ಲ? "ರಾತ್ರಿ ಬೆವರುವುದು" ಅಂತಲೂ ಇತ್ತು. ಕುತ್ತಿಗೆ ಮುಟ್ಟಿ ನೋಡಿಕೊಂಡ, ಭಯಕ್ಕೆ ಒದ್ದೆಯಾಗಿತ್ತು. "ಗಂಟಿನಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ" ಎಂಬ ಸಾಲು ಬಂದಾಗ ಒತ್ತಿ ನೋಡಿದ. ನೋವಿರಲಿಲ್ಲ. ಬೆಳಗ್ಗೆ ಹೊತ್ತಿಗೆ ಒತ್ತಿ ಒತ್ತಿ ನೋವು ಶುರುವಾಗಿತ್ತು. ಆಗ "ನೋವಿರುವ ಗಂಟು" ಎಂದು ಹೊಸದಾಗಿ ಹುಡುಕಿದ. ನೋವಿಲ್ಲದಿದ್ದರೂ ಭಯ, ನೋವು ಬಂದರೂ ಭಯ. ಯಾವ ಉತ್ತರ ಬಂದರೂ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತಿತ್ತು. "ನನಗೆ ಈ ಕಾಯಿಲೆ ಖಂಡಿತ ಇಲ್ಲ" ಎಂಬ ಒಂದು ಸಾಲು ಅವನಿಗೆ ಬೇಕಿತ್ತು. ಅವನ ಮೈ ಮುಟ್ಟಿ ನೋಡದ ಯಾವ ಪುಟವೂ ಅದನ್ನು ಬರೆಯಲಾರದು.

ಕಂಡಕಂಡ ಸೈಟ್ ಬಿಟ್ಟು, ಒಳ್ಳೆ ವೈದ್ಯಕೀಯ ಸೈಟ್ ಮಾತ್ರ ನೋಡಿದ್ರೆ ಆಗಲ್ವಾ?

ಸುಳ್ಳು ಮಾಹಿತಿಯಿಂದ ತಪ್ಪಿಸಿಕೊಳ್ಳಬಹುದು, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಒಳ್ಳೆಯ ಸೈಟ್ ಕೂಡ ಅಪರೂಪದ ಕಾಯಿಲೆಯನ್ನು ಪಟ್ಟಿಯಿಂದ ಬಿಡುವುದಿಲ್ಲ. ಬಿಡಲೂಬಾರದು, ಅದು ಅದರ ಜವಾಬ್ದಾರಿ. ನೀವು ಹನ್ನೊಂದನೇ ಸಲ ಓದುತ್ತಿರುವುದು ಸರಿಯಾದ ಮಾಹಿತಿಯೇ ಆದರೂ ಅದು ಹನ್ನೊಂದನೇ ಸಲವೇ.

ದಿನಾ ಒಂದೆರಡು ಸಲ ಮುಟ್ಟಿ ನೋಡ್ಕೊಂಡ್ರೆ ಏನು ತಪ್ಪು? ಬೇಗ ಗೊತ್ತಾದ್ರೆ ಒಳ್ಳೇದಲ್ವಾ?

ಒಂದೆರಡು ಸಲಕ್ಕೆ ನಿಲ್ಲುವುದಾದರೆ ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲ ಅನಿಸುತ್ತದೆ. ಮೆತ್ತಗಿನ ಜಾಗವನ್ನು ಪದೇ ಪದೇ ಒತ್ತಿದರೆ ಅದು ಕೆಂಪಾಗುತ್ತದೆ, ನೋಯುತ್ತದೆ, ಊದಿದ ಹಾಗೂ ಅನಿಸುತ್ತದೆ. ನಾಡಿ ಹಿಡಿದು ಕುಳಿತರೆ ಬಡಿತ ಏರುತ್ತದೆ. ಬಿಪಿ ಮೆಷಿನ್ ಕಟ್ಟಿಕೊಂಡು ಭಯದಲ್ಲಿ ಐದು ಸಲ ನೋಡಿದರೆ ಐದು ಬೇರೆ ಬೇರೆ ಅಂಕಿ ಬರುತ್ತವೆ, ಅದರಲ್ಲಿ ದೊಡ್ಡದೊಂದೇ ಮನಸ್ಸಿನಲ್ಲಿ ಉಳಿಯುತ್ತದೆ.

ಇನ್ನೊಂದು ಸಂಗತಿ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಡ್ಟ್ ಎಂಬ ಡಚ್ ಸಂಶೋಧಕರು 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಯಾವ ತೊಂದರೆಯೂ ಇಲ್ಲದ ಜನರಿಗೆ, ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಸ್ಟೌವನ್ನು ಮತ್ತೆ ಮತ್ತೆ ಚೆಕ್ ಮಾಡಲು ಹೇಳಿದರು. ಕೊನೆಯ ಸಲ ಯಾವ ಬರ್ನರ್ ನೋಡಿದಿರಿ ಎಂದು ಕೇಳಿದಾಗ ಜನ ಸರಿಯಾಗಿಯೇ ಹೇಳಿದರು. ಆದರೆ ತಮ್ಮ ನೆನಪಿನ ಮೇಲೆ ಅವರಿಗಿದ್ದ ನಂಬಿಕೆ ಕಡಿಮೆಯಾಗಿತ್ತು, ನೆನಪೂ ಮಸುಕಾಗಿತ್ತು. ಗಂಟಿಗೂ ಇದೇ ಆಗುತ್ತದೆ. ನಲವತ್ತು ಸಲ ಮುಟ್ಟಿದವನಿಗೆ ನಿನ್ನೆ ಅದು ಎಷ್ಟು ದೊಡ್ಡದಿತ್ತು ಎಂದು ಖಚಿತವಾಗಿ ಹೇಳಲಾಗುವುದಿಲ್ಲ. ಹೇಳಲಾಗದ್ದಕ್ಕೇ ಮತ್ತೆ ಮುಟ್ಟುತ್ತಾನೆ.

ಕೆಲವು ತಪಾಸಣೆಗಳನ್ನು ವೈದ್ಯರೇ ಹೇಳಿರುತ್ತಾರೆ, ಉದಾಹರಣೆಗೆ ಸಕ್ಕರೆ ಕಾಯಿಲೆಯಲ್ಲಿ ಸಕ್ಕರೆ ಮಟ್ಟ ನೋಡಿಕೊಳ್ಳುವುದು. ಅದನ್ನು ಅವರು ಹೇಳಿದಷ್ಟೇ ಸಲ ಮಾಡಿ. ಕಡಿಮೆ ಬೇಡ, ಜಾಸ್ತಿಯೂ ಬೇಡ.

ಒಂದು ಸಲ ಫುಲ್ ಬಾಡಿ ಚೆಕಪ್ ಮಾಡಿಸಿಬಿಟ್ರೆ ಈ ಕಾಟ ಮುಗಿಯುತ್ತಲ್ವಾ?

ಮುಗಿಯುವುದಿಲ್ಲ. ಎಷ್ಟೋ ಸಲ ಹೊಸ ಕಾಟ ಶುರುವಾಗುತ್ತದೆ. ರಕ್ತಪರೀಕ್ಷೆಯ ರಿಪೋರ್ಟ್‌ನಲ್ಲಿ "ಸಾಮಾನ್ಯ ಮಿತಿ" ಅಂತ ಅಂಕಿ ಇರುತ್ತದಲ್ಲ, ಅದನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95ರಷ್ಟು ಜನ ಒಳಗೆ ಬರುವ ಹಾಗೆ ಇಟ್ಟಿರುತ್ತಾರೆ. ಅಂದರೆ ಪ್ರತಿ ಪರೀಕ್ಷೆಯಲ್ಲೂ ನೂರರಲ್ಲಿ ಐದು ಆರೋಗ್ಯವಂತರು ಮಿತಿಯ ಹೊರಗೇ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ 20 ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವ ವ್ಯಕ್ತಿಗೂ ಕನಿಷ್ಠ ಒಂದು ಅಂಕಿ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಶೇ. 64ರಷ್ಟು. ಆ ದಪ್ಪಕ್ಷರ ಇಟ್ಟುಕೊಂಡು ಆತಂಕದವರು ಆ ರಾತ್ರಿ ಏನು ಮಾಡುತ್ತಾರೆ ಎಂದು ಹೇಳಬೇಕಾಗಿಲ್ಲ.

ಗಂಭೀರ ಕಾಯಿಲೆಯ ಸಾಧ್ಯತೆ ಮೊದಲೇ ತೀರಾ ಕಡಿಮೆ ಇರುವವರಿಗೆ ಸುಮ್ನೆ ಪರೀಕ್ಷೆ ಮಾಡಿಸಿದರೆ ಅವರ ಆತಂಕ ಹೆಚ್ಚೇನೂ ಇಳಿಯುವುದಿಲ್ಲ ಎಂದು 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಂಡುಕೊಂಡರು. ವೈದ್ಯರು ಕಾರಣ ಹೇಳಿ ಬರೆದುಕೊಟ್ಟ ಪರೀಕ್ಷೆ ಮಾಡಿಸಿ. ಭಯ ಬರೆದುಕೊಟ್ಟ ಪರೀಕ್ಷೆ ಬೇಡ.

## ಬಿಡಿಸಿಕೊಳ್ಳುವುದು

ಇದನ್ನ ನಿಲ್ಲಿಸೋದು ಹೇಗೆ? ಒಂದೇ ಸಲಕ್ಕೆ ಎಲ್ಲಾ ಬಿಡಬೇಕಾ?

ಕೆಲವರು ಒಂದೇ ಸಲಕ್ಕೆ ಬಿಡುತ್ತಾರೆ. ಹೆಚ್ಚಿನವರಿಗೆ ಹಂತಹಂತವಾಗಿ ಬಿಡುವುದೇ ಸುಲಭ. ಕತ್ತಿನ ಗಂಟಿನ ಯುವಕ ಮಾಡಿದ್ದನ್ನೇ ಇಲ್ಲಿ ಇಡುತ್ತೇನೆ.

ಮೊದಲ ವಾರ ಅವನು ಏನನ್ನೂ ಬದಲಿಸಲಿಲ್ಲ, ಬರೀ ಎಣಿಸಿದ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ. ಗಂಟು ಮುಟ್ಟಿದರೆ ಒಂದು ಗೆರೆ, ಹುಡುಕಿದರೆ ಒಂದು ಚುಕ್ಕೆ, ಹೆಂಡತಿಯನ್ನು ಕೇಳಿದರೆ ಒಂದು ಸೊನ್ನೆ. ಮೂರನೇ ದಿನದ ಪುಟದಲ್ಲಿ 46 ಗೆರೆ, 9 ಚುಕ್ಕೆ, 7 ಸೊನ್ನೆ. "ಹೆಚ್ಚಂದ್ರೆ ಹತ್ತು ಸಲ ಮುಟ್ತೀನಿ ಅಂದ್ಕೊಂಡಿದ್ದೆ" ಅಂದ. ಅವನು ಮುಟ್ಟುತ್ತಿದ್ದದ್ದು ಹೆಚ್ಚಾಗಿ ಕೈಗೆ ಕೆಲಸವಿಲ್ಲದಾಗ: ಫೋನಿನಲ್ಲಿ ಮಾತಾಡುವಾಗ, ಹಲ್ಲುಜ್ಜಿ ಕನ್ನಡಿ ಮುಂದೆ ನಿಂತಾಗ. ಎಣಿಸದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಎರಡನೇ ವಾರದಿಂದ ಮುಂದೂಡುವುದು. ಮುಟ್ಟಬೇಕು, ಹುಡುಕಬೇಕು, ಕೇಳಬೇಕು ಅನಿಸಿದಾಗ 15 ನಿಮಿಷ ಕಾಯಬೇಕು. ಬೇಡ ಅಂತ ಅಲ್ಲ, ಆಮೇಲೆ ಅಂತ. ಭಯ ಎಷ್ಟಿದೆ ಎಂದು ಹತ್ತಕ್ಕೆ ಒಂದು ಅಂಕಿ ಬರೆಯಬೇಕು, ಹದಿನೈದು ನಿಮಿಷ ಆದ ಮೇಲೆ ಮತ್ತೆ ಬರೆಯಬೇಕು. ಈ ಹೊತ್ತಿನಲ್ಲಿ ಭಯದ ಜೊತೆ ಜಗಳ ಆಡಬೇಕಾಗಿಲ್ಲ. ಪಾತ್ರೆ ತೊಳೆಯುವುದೋ, ಬಟ್ಟೆ ಮಡಚುವುದೋ, ಕೈಗೆ ಬಂದ ಕೆಲಸ ಮಾಡಿದರಾಯಿತು. ಭಯ ಪಕ್ಕದಲ್ಲೇ ಇರಲಿ. ಮೊದಲ ದಿನ ಅವನ ಅಂಕಿ 8ರಿಂದ 8ಕ್ಕೇ ಬಂತು, ಒಂದು ಸಲ 9 ಆಯಿತು. ಅವನು ಬಿಟ್ಟೇಬಿಡುವವನಿದ್ದ. ಇಲ್ಲಿ ಬಹಳ ಜನ ಬಿಡುತ್ತಾರೆ, ಅದಕ್ಕೇ ಮುಂಚೆಯೇ ಹೇಳುತ್ತೇನೆ: ಸಮಾಧಾನ ಸಿಗುವ ದಾರಿ ಮುಚ್ಚಿದಾಗ ಮೊದಲ ಕೆಲವು ದಿನ ಹಂಬಲ ಏರುವುದು ಸಹಜ. ಕೆಲಸ ಕೆಟ್ಟಿದೆ ಅಂತ ಅರ್ಥವಲ್ಲ. ಐದನೇ ದಿನ 35 ನಿಮಿಷ ಕಾದಾಗ 8 ಇದ್ದದ್ದು 4ಕ್ಕೆ ಇಳಿಯಿತು. ಯಾರನ್ನೂ ಕೇಳಿರಲಿಲ್ಲ, ಏನನ್ನೂ ಓದಿರಲಿಲ್ಲ. ಭಯ ತಾನಾಗಿ ಇಳಿಯುತ್ತದೆ ಎಂದು ಅವನು ಮೊದಲ ಬಾರಿ ಕಣ್ಣಾರೆ ಕಂಡದ್ದು ಆಗ.

ಮೂರನೇ ವಾರದಿಂದ ಕಡಿತ. ಹಾಸಿಗೆಗೆ ಫೋನ್ ತರುವುದು ಬಂದ್. ಲಕ್ಷಣ ಹುಡುಕುವುದು ಪೂರ್ತಿ ಬಂದ್, ಏಕೆಂದರೆ "ಒಂದೇ ಒಂದು ಸಲ" ಅನ್ನುವುದು ಅವನಿಗೆ ಒಂದಕ್ಕೆ ನಿಲ್ಲುತ್ತಿರಲಿಲ್ಲ. ಗಂಟು ನೋಡುವುದು ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಒಂದೇ ಸಲ. ಇದನ್ನು ಡಾಕ್ಟರ್ ಜೊತೆ ಮಾತಾಡಿಯೇ ಗೊತ್ತು ಮಾಡಿಕೊಂಡಿದ್ದ. ನಾಲ್ಕನೇ ವಾರ ಡಾಕ್ಟರ್ ನೋಡಿದಾಗ ಗಂಟು ಅರ್ಧಕ್ಕರ್ಧ ಇಳಿದಿತ್ತು. ಒತ್ತುವುದು ನಿಂತಿದ್ದರಿಂದ ನೋವೂ ಹೋಗಿತ್ತು. ಆರನೇ ವಾರದ ಪುಟಗಳಲ್ಲಿ ದಿನಕ್ಕೆ ಎರಡೋ ಮೂರೋ ಗೆರೆ, ಅದೂ ಅರಿವಿಲ್ಲದೆ ಕೈ ಹೋದದ್ದು.

ನಮ್ಮ ಯಜಮಾನ್ರು ದಿನಕ್ಕೆ ಹತ್ತು ಸಲ "ನಂಗೇನೂ ಆಗಲ್ಲ ಅಲ್ವಾ?" ಅಂತ ಕೇಳ್ತಾರೆ. ನಾನು ಏನು ಹೇಳಬೇಕು?

ನೀವು ಹತ್ತು ಸಲ ಹೇಳಿ ದಣಿದಿದ್ದೀರಿ, ಹತ್ತನೇ ಸಲ ರೇಗಿದ್ದೀರಿ, ಆಮೇಲೆ ಪಾಪ ಅನಿಸಿ ಬೇಜಾರಾಗಿದ್ದೀರಿ. ಇದು ನಿಮ್ಮ ತಪ್ಪಲ್ಲ. ಪ್ರೀತಿ ಇರುವವರು ಯಾರೇ ಆದರೂ ಮೊದಲು ಸಮಾಧಾನವನ್ನೇ ಹೇಳುತ್ತಾರೆ. ಆದರೆ ಈಗ ಆ ಉತ್ತರ ಅವರ ಭಯಕ್ಕೆ ಊಟ ಹಾಕುತ್ತಿದೆ.

ಒಂದು ದಿನ ಬೆಳಗ್ಗೆ ತಟ್ಟನೆ ಉತ್ತರ ಕೊಡುವುದನ್ನು ನಿಲ್ಲಿಸಬೇಡಿ, ಅದು ಶಿಕ್ಷೆಯ ಹಾಗೆ ಅನಿಸುತ್ತದೆ. ಅವರಿಗೆ ಭಯ ಕಡಿಮೆ ಇರುವ ಹೊತ್ತಿನಲ್ಲಿ ಇಬ್ಬರೂ ಕೂತು ಮಾತಾಡಿ. ಯಾಕೆ ನಿಲ್ಲಿಸುತ್ತಿದ್ದೇವೆ, ನಿಲ್ಲಿಸಿದ ಮೇಲೆ ಏನು ಹೇಳುತ್ತೇವೆ ಎಂದು ಒಪ್ಪಂದ ಮಾಡಿಕೊಳ್ಳಿ. ಹೇಳುವ ಮಾತನ್ನು ಅವರೇ ಆರಿಸಲಿ. ಒಂದು ಮನೆಯಲ್ಲಿ ಹೀಗೆ ನಡೆಯಿತು:

"ನೋಡು, ಎಡಗಡೆ ಸ್ವಲ್ಪ ದೊಡ್ಡದಾಗಿದೆ ಅಲ್ವಾ?"

"ನಿಮಗೆ ಈಗ ತುಂಬಾ ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ. ಇದಕ್ಕೆ ಉತ್ತರ ಹೇಳಲ್ಲ ಅಂತ ಇಬ್ಬರೂ ಮಾತಾಡ್ಕೊಂಡಿದ್ವಿ."

"ಇದೊಂದು ಸಲ ಹೇಳು."

"ಹೇಳಿದ್ರೆ ಅರ್ಧ ಗಂಟೆ ಸಮಾಧಾನ ಇರುತ್ತೆ, ಆಮೇಲೆ ಮತ್ತೆ ಶುರು. ಬನ್ನಿ, ಆ ಅರ್ಧ ಗಂಟೆ ನಾನೂ ಜೊತೆಗೆ ಕೂತಿರ್ತೀನಿ."

ಇಲ್ಲಿ ಗಂಟಿನ ಬಗ್ಗೆ ಒಂದು ಮಾತೂ ಇಲ್ಲ. ಭಯದ ಬಗ್ಗೆ ಮಾತ್ರ ಮಾತಿದೆ, ಜೊತೆಗಿರುವ ಭರವಸೆ ಇದೆ. ಮನೆಯಲ್ಲಿ ಇನ್ನೂ ಯಾರಾದರೂ ಇದ್ದರೆ ಅವರಿಗೂ ಈ ಒಪ್ಪಂದ ತಿಳಿದಿರಲಿ. ಹೆಂಡತಿ ಹೇಳದಿದ್ದರೆ ತಮ್ಮನನ್ನು ಕೇಳುವುದು, ತಮ್ಮ ಹೇಳದಿದ್ದರೆ ಗೆಳೆಯನಿಗೆ ಫೋಟೋ ಕಳಿಸುವುದು ತೀರಾ ಸಾಮಾನ್ಯ.

ಹೀಗೆ ಸುಮ್ನಿದ್ದು ನಿಜವಾದ ಕಾಯಿಲೆ ತಪ್ಪಿಹೋದ್ರೆ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆತಂಕ ಇರುವವರಿಗೂ ಕಾಯಿಲೆ ಬರುತ್ತದೆ. ಅದಕ್ಕೇ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಭಯದ ಹೊತ್ತಿನಲ್ಲಿ ಮಾಡಬಾರದು.

ಕೆಲವಕ್ಕೆ ಕಾಯುವ ಮಾತೇ ಇಲ್ಲ. ಎದೆ ಹಿಂಡುವಂಥ ನೋವು ಕೈಗೋ ದವಡೆಗೋ ಹರಡಿ ಬೆವರು ಬಂದರೆ, ಮುಖ ಅಥವಾ ಕೈಕಾಲು ಒಂದು ಕಡೆ ತಟ್ಟನೆ ಸೋತರೆ, ಮಾತು ತೊದಲಿದರೆ, ಉಸಿರಾಡಲು ಆಗದಿದ್ದರೆ, ಎಂದೂ ಬಾರದಂಥ ಭಾರಿ ತಲೆನೋವು ಏಕಾಏಕಿ ಬಂದರೆ, ರಕ್ತ ವಾಂತಿಯಾದರೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಲ್ಲಿ 15 ನಿಮಿಷ ಮುಂದೂಡುವ ನಿಯಮ ಲಾಗೂ ಆಗುವುದಿಲ್ಲ.

ಉಳಿದದ್ದಕ್ಕೆ ನಿಮ್ಮನ್ನು ಬಲ್ಲ ಒಬ್ಬ ಡಾಕ್ಟರ್ ಜೊತೆ ಕೂತು ಒಂದು ಚೀಟಿ ಬರೆದುಕೊಳ್ಳಿ. ಯುವಕನ ಚೀಟಿಯಲ್ಲಿ ಇದ್ದದ್ದು ಇಷ್ಟು: ಗಂಟು ಬೆಳೆಯುತ್ತಾ ಹೋದರೆ, ಗಟ್ಟಿಯಾಗಿ ಕದಲದೆ ನಿಂತರೆ, ನಾಲ್ಕು ವಾರವಾದರೂ ಇಳಿಯದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಜ್ವರ ಬಿಡದಿದ್ದರೆ ಬರಬೇಕು. ಹಾಗೇನೂ ಇಲ್ಲದಿದ್ದರೆ ಗೊತ್ತು ಮಾಡಿದ ತಾರೀಖಿಗೇ ಬರಬೇಕು. ಭಯ ಬಂದಾಗೆಲ್ಲ ಹೋಗುವ ಬದಲು ನಿಗದಿಯಾದ ದಿನ ಹೋಗುವುದರಿಂದ ಇನ್ನೊಂದು ಲಾಭ ಇದೆ. ಒಬ್ಬರೇ ಡಾಕ್ಟರ್ ನೋಡುತ್ತಾ ಬಂದರೆ ನಿಜವಾದ ಬದಲಾವಣೆ ಅವರ ಕಣ್ಣಿಗೆ ಬೀಳುತ್ತದೆ. ಐದು ಜನರ ಹತ್ತಿರ ಹೋದರೆ ಐವರಿಗೂ ಅದು ಮೊದಲ ಸಲವೇ.

ನಾನು ಇದಕ್ಕೆ ಉಲ್ಟಾ. ಭಯಕ್ಕೆ ಡಾಕ್ಟರ್ ಹತ್ತಿರ ಹೋಗೋದೇ ಇಲ್ಲ, ಕಾಯಿಲೆ ಸುದ್ದಿ ಬಂದ್ರೆ ಟಿವಿ ಆಫ್ ಮಾಡ್ತೀನಿ.

ಅದೂ ಇದೇ ಸಮಸ್ಯೆಯ ಇನ್ನೊಂದು ಮುಖ. ತಪ್ಪಿಸಿಕೊಂಡಾಗಲೂ ಭಯ ಆ ಕ್ಷಣಕ್ಕೆ ಇಳಿಯುತ್ತದೆ, ದಿನ ಕಳೆದಂತೆ ಬೆಳೆಯುತ್ತದೆ. ನಿಮ್ಮ ಹೆಜ್ಜೆಗಳು ಮಾತ್ರ ಎದುರು ದಿಕ್ಕಿನವು: ಟಿವಿ ಆಫ್ ಮಾಡದೆ ಸುದ್ದಿ ಪೂರ್ತಿ ನೋಡುವುದು, ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವುದು, ಬಾಕಿ ಉಳಿದ ಒಂದು ತಪಾಸಣೆಗೆ ದಿನ ಗೊತ್ತು ಮಾಡುವುದು.

## ಇನ್ನೂ ಮುಂದಿನ ಪ್ರಶ್ನೆಗಳು

ಈಗ ನೆಟ್ ನೋಡಲ್ಲ, ಯಾರನ್ನೂ ಕೇಳಲ್ಲ. ಆದ್ರೂ ಭಯ ಇಳಿದಿಲ್ಲ. ಏನು ತಪ್ಪು ಮಾಡ್ತಿದೀನಿ?

ಬಹುಶಃ ಕೇಳುವುದು ತಲೆಯೊಳಗೆ ನಡೆಯುತ್ತಿದೆ. ಡಾಕ್ಟರ್ ಹೇಳಿದ್ದನ್ನು ಪದಪದವಾಗಿ ನೆನಪಿಸಿಕೊಳ್ಳುವುದು, ಅವರ ಮುಖ ಹೇಗಿತ್ತು ಎಂದು ಮತ್ತೆ ಮತ್ತೆ ನೋಡುವುದು, "ನನಗಿನ್ನೂ ಚಿಕ್ಕ ವಯಸ್ಸು, ಬರಲ್ಲ" ಎಂದು ಒಳಗೇ ಲೆಕ್ಕ ಹಾಕುವುದು, ಇವೆಲ್ಲ ಸಮಾಧಾನ ಕೇಳುವುದೇ. ಹೊರಗಿನವರ ಬದಲು ನಿಮ್ಮನ್ನೇ ಕೇಳುತ್ತಿದ್ದೀರಿ. ಕೆಲವರು ಬಹಳ ಜಾಣತನದಿಂದಲೂ ಕೇಳುತ್ತಾರೆ. "ಇವತ್ತು ಸ್ವಲ್ಪ ಕತ್ತು ನೋವು" ಎಂದು ಸುಮ್ನೆ ಹೇಳಿ ಎದುರಿನವರ ಮುಖ ನೋಡುತ್ತಾರೆ. ಅವರು ಗಾಬರಿಯಾಗದಿದ್ದರೆ ಅದೇ ಉತ್ತರ.

ಇದಕ್ಕೆ ಮಾಡಬಹುದಾದದ್ದು, ಲೆಕ್ಕವನ್ನು ಅರ್ಧಕ್ಕೇ ಬಿಡುವುದು. "ಇರಬಹುದು, ಇಲ್ಲದಿರಬಹುದು. ಇವತ್ತು ಇದನ್ನು ಬಗೆಹರಿಸುವುದಿಲ್ಲ" ಎಂದು ಹೇಳಿಕೊಂಡು ಕೈಯಲ್ಲಿದ್ದ ಕೆಲಸಕ್ಕೆ ವಾಪಸ್ ಬರುವುದು. ಈ ಮಾತು ಹೇಳಿಕೊಂಡಾಗ ಹಿತ ಅನಿಸುವುದಿಲ್ಲ. ಹಿತ ಅನಿಸಲು ಶುರುವಾಗಿ ನೀವು ಅದನ್ನೇ ಜಪದ ಹಾಗೆ ಹೇಳತೊಡಗಿದರೆ, ಅದೂ ಇನ್ನೊಂದು ಸಮಾಧಾನ ಆಗಿಬಿಟ್ಟಿದೆ ಎಂದು ಅರ್ಥ. ಆಗ ಅದನ್ನೂ ಬಿಡಿ.

ಇದಕ್ಕೆ ಚಿಕಿತ್ಸೆ ಇದೆಯಾ? ಮಾತ್ರೆ ತಗೊಳ್ಳಲೇಬೇಕಾ?

ಚಿಕಿತ್ಸೆ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೇಲೆ ಹೇಳಿದ ಹೆಜ್ಜೆಗಳು ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಯಿಂದ ಬಂದವು. ಇಂಗ್ಲೆಂಡಿನಲ್ಲಿ ಪೀಟರ್ ಟೈರರ್ ಮತ್ತು ಜೊತೆಗಾರರು ಆಸ್ಪತ್ರೆಗೆ ಬರುತ್ತಿದ್ದ, ಆರೋಗ್ಯದ ಆತಂಕ ಇದ್ದ 444 ಜನರ ಮೇಲೆ ಒಂದು ದೊಡ್ಡ ಅಧ್ಯಯನ ಮಾಡಿದರು. ಅರ್ಧದಷ್ಟು ಜನರಿಗೆ ಈ ಚಿಕಿತ್ಸೆಯ 5ರಿಂದ 10 ಭೇಟಿ ಸಿಕ್ಕಿತು. ಒಂದು ವರ್ಷದ ನಂತರ, ಈ ಚಿಕಿತ್ಸೆ ಸಿಗದವರಿಗೆ ಹೋಲಿಸಿದರೆ ಅವರಲ್ಲಿ ಹೆಚ್ಚು ಜನರ ಆತಂಕ ಸಾಮಾನ್ಯ ಮಟ್ಟಕ್ಕೆ ಇಳಿದಿತ್ತು, ವರ್ಷಗಳ ನಂತರವೂ ಪರಿಣಾಮ ಉಳಿದಿತ್ತು. ಚಿಕಿತ್ಸೆ ಕೊಟ್ಟವರಲ್ಲಿ ತರಬೇತಿ ಪಡೆದ ನರ್ಸ್‌ಗಳೂ ಇದ್ದರು. ಆದರೆ ಚಿಕಿತ್ಸೆ ಪಡೆದ ಎಲ್ಲರಿಗೂ ಪೂರ್ತಿ ವಾಸಿಯಾಗಲಿಲ್ಲ, ಅದನ್ನೂ ಹೇಳಬೇಕು.

ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ಜೊತೆಗೆ ಖಿನ್ನತೆ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಹೆಜ್ಜೆ ಇಡಲೂ ಆಗದಷ್ಟು ಭಯವಿದ್ದರೆ, ಮನೋವೈದ್ಯರು ಖಿನ್ನತೆ, ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಮಾತ್ರೆ ಕೊಡಬಹುದು. ಪರಿಣಾಮ ಕಾಣಲು ಕೆಲವು ವಾರ ಬೇಕು. ಆತಂಕದವರು ಮಾತ್ರೆಯ ಜೊತೆ ಬರುವ ಚೀಟಿಯಲ್ಲಿನ ಅಡ್ಡಪರಿಣಾಮಗಳ ಪಟ್ಟಿ ಓದಿ ಮೊದಲ ದಿನವೇ ನಿಲ್ಲಿಸುವುದುಂಟು. ಹಾಗಾಗಿ ಯಾವ ಅಡ್ಡಪರಿಣಾಮ ಸಾಮಾನ್ಯ, ಯಾವುದಕ್ಕೆ ಫೋನ್ ಮಾಡಬೇಕು ಎಂದು ವೈದ್ಯರ ಬಾಯಿಂದಲೇ ಒಂದು ಸಲ ಕೇಳಿ ಬರೆದುಕೊಳ್ಳಿ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಮಾತ್ರ ಇಲ್ಲಿಯ ಯಾವ ಹೆಜ್ಜೆಗೂ ಕಾಯಬೇಡಿ. ಇವತ್ತೇ ಹತ್ತಿರದವರಿಗೆ ಹೇಳಿ, ವೈದ್ಯರನ್ನು ನೋಡಿ.

ಎಂಟು ತಿಂಗಳು ಚೆನ್ನಾಗಿದ್ದೆ. ಪರಿಚಯದವರೊಬ್ಬರಿಗೆ ಕ್ಯಾನ್ಸರ್ ಅಂತ ಗೊತ್ತಾಯ್ತು, ಎಲ್ಲಾ ವಾಪಸ್ ಬಂತು. ಮೊದಲಿಂದ ಶುರು ಮಾಡಬೇಕಾ?

ಬೇಕಿಲ್ಲ. ಯುವಕನಿಗೂ ಹೀಗೇ ಆಯಿತು. ಸಹೋದ್ಯೋಗಿಯೊಬ್ಬರ ಸುದ್ದಿ ಕೇಳಿದ ರಾತ್ರಿ ಮತ್ತೆ ಫೋನ್ ಹಿಡಿದ, ಎರಡು ಗಂಟೆ ಹುಡುಕಿದ. ಬೆಳಗ್ಗೆ ಹಳೆಯ ಪುಸ್ತಕ ತೆಗೆದು ಹೊಸ ಪುಟದಲ್ಲಿ ಚುಕ್ಕೆ ಇಟ್ಟ, ಹದಿನಾಲ್ಕು. ಎರಡನೇ ವಾರದ ಹೆಜ್ಜೆಯಿಂದ, ಮುಂದೂಡುವುದರಿಂದ ಶುರು ಮಾಡಿದ. ಮೊದಲ ಸಲ ಭಯ ಇಳಿಯಲು ಐದು ದಿನದ ಅಭ್ಯಾಸ ಬೇಕಾಗಿತ್ತು. ಈ ಸಲ ಎರಡನೇ ದಿನವೇ 7 ಇದ್ದದ್ದು 3ಕ್ಕೆ ಬಂತು. ಸಹೋದ್ಯೋಗಿಯನ್ನು ನೋಡಲು ಆಸ್ಪತ್ರೆಗೆ ಹೋಗುವುದನ್ನು ಅವನು ಮುಂದೂಡುತ್ತಲೇ ಇದ್ದ. ಆ ವಾರದ ಕೊನೆಯಲ್ಲಿ ಹೋಗಿ, ಅವರ ಹಾಸಿಗೆ ಪಕ್ಕದಲ್ಲಿ ಒಂದು ಗಂಟೆ ಕೂತು ಬಂದ. ವಾಪಸ್ ಬರುವಾಗ ಕೈ ಒಂದು ಸಲ ಕತ್ತಿಗೆ ಹೋಯಿತಂತೆ. ಪುಸ್ತಕದಲ್ಲಿ ಆ ದಿನ ಒಂದೇ ಗೆರೆ ಇದೆ.